ಅಜ್ಜಿ ‘ಸಾಲಿ’ ಅಂದರೋ ‘ಶಾಲಿ’ ಅಂದರೋ?
(ಕಾರ್ಯಕರ್ತರ ಶಿಬಿರದಲ್ಲಿ ಮಾಡಿದ ಭಾಷಣದ ಪಾಠ)



ಗದಗ ಜಿಲ್ಲೆಯ ಹಳ್ಳಿಯೊಂದರ ಅಜ್ಜಿಯನ್ನು ಬೆಂಗಳೂರಿನಲ್ಲಿ ಕೂತು ಸಂದರ್ಶನ ಮಾಡುತ್ತೀರಿ ಎಂದಿಟ್ಟುಕೊಳ್ಳಿ. ಅಜ್ಜಿ ಬಾಲ್ಯದ ಮಾತು ತೆಗೆದರು. ಅವರು ‘ಸಾಲಿ’ ಅಂದರೋ ‘ಶಾಲಿ’ ಅಂದರೋ? ನಿಮಗೆ ಬೇಕಾದದ್ದೇ ಅದು. ಆದರೆ ಹಳೆಯ ಟೆಲಿಫೋನ್ ಮಾರ್ಗ ಸಾಗಿಸುತ್ತಿದ್ದದ್ದು 300ರಿಂದ 3400 ಹರ್ಟ್ಸ್‌ವರೆಗಿನ ದನಿಯನ್ನು ಮಾತ್ರ. ಸಕಾರದ ಸೀಳುದನಿಯ ಬಹುಪಾಲು ಇರುವುದೇ ಅದಕ್ಕೂ ಮೇಲೆ! ಇಂದಿನ ಇಂಟರ್ನೆಟ್ ಕರೆ ಅದಕ್ಕಿಂತ ಎಷ್ಟೋ ವಾಸಿ. ಆದರೂ ನೆಟ್‌ವರ್ಕ್ ಸೊರಗಿದರೆ ಅಕ್ಷರಗಳೇ ಉದುರುತ್ತವೆ. ಉದುರಿದ್ದನ್ನು ಆಮೇಲೆ ಯಾವ ಯಂತ್ರವೂ ಹೆಕ್ಕಿಕೊಡಲಾರದು.

ಉಪಾಯ ಸರಳ. ಕರೆ ಇರುವುದು ಮಾತಾಡಿಕೊಳ್ಳಲಿಕ್ಕೆ ಮಾತ್ರ. ಅಜ್ಜಿಯ ದನಿ ಅಜ್ಜಿಯ ಮನೆಯಲ್ಲೇ ದಾಖಲಾಗಬೇಕು, ನಿಮ್ಮ ದನಿ ನಿಮ್ಮ ಕೋಣೆಯಲ್ಲಿ. ಆಮೇಲೆ ಎರಡನ್ನೂ ಜೋಡಿಸುವುದು.

ಅಲ್ಲಿ ಎರಡು ಫೋನು ಬೇಕು. ಒಂದೇ ಫೋನಿನಲ್ಲಿ ಕರೆಯೂ ರೆಕಾರ್ಡಿಂಗೂ ಆಗಲಿ ಎಂದರೆ ಬಹಳಷ್ಟು ಫೋನುಗಳು ಮೈಕನ್ನು ಕರೆಗೆ ಕೊಟ್ಟು, ರೆಕಾರ್ಡರಿಗೆ ಬರೀ ಮೌನ ಉಣಿಸುತ್ತವೆ. ಮೊದಲ ಫೋನು ಕರೆಗೆ. ಅದಕ್ಕೆ ಇಯರ್‌ಫೋನ್ ಸಿಕ್ಕಿಸಿ ಅಜ್ಜಿಯ ಕಿವಿಗಿಡಿ, ಇಲ್ಲದಿದ್ದರೆ ನಿಮ್ಮ ದನಿಯೂ ಅವರ ದಾಖಲೆಗೆ ನುಗ್ಗುತ್ತದೆ. ಎರಡನೆಯದನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಬಾಯಿಂದ ಒಂದು ಗೇಣು ದೂರ, ತುಸು ಪಕ್ಕಕ್ಕೆ ಇಡಲಿ. ವೇವ್ ಫೈಲು, 48,000 ಸ್ಯಾಂಪಲ್, 16 ಬಿಟ್, ಮೋನೋ: ಗಂಟೆಗೆ ಸುಮಾರು 345 ಎಂಬಿ. ಜಾಗ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಇನ್ನು ಜೋಡಣೆ. ಎರಡೂ ಕಡೆ ಒಟ್ಟಿಗೆ ಚಪ್ಪಾಳೆ ಹೊಡೆಯಿರಿ ಎಂದು ಕೆಲವರು ಹೇಳುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ನಿಮ್ಮ ‘ಒಂದು, ಎರಡು, ಮೂರು’ ಅಲ್ಲಿಗೆ ಮುಟ್ಟುವುದೇ ತಡವಾಗಿ! ಆ ಚಪ್ಪಾಳೆಗಳನ್ನು ಕೂಡಿಸಿದರೆ ಅಜ್ಜಿಯ ಉತ್ತರ ನೀವು ಕೇಳಿದ್ದಕ್ಕಿಂತ ಮುಂಚೆಯೇ ಬಂದು ಬೀಳುತ್ತದೆ. ಹೀಗೆ ಮಾಡಿ. ನಿಮ್ಮ ಕಂಪ್ಯೂಟರಿನಲ್ಲಿ ನಿಮ್ಮ ಮೈಕಿನ ಜೊತೆಗೇ, ಕರೆಯಲ್ಲಿ ನಿಮಗೆ ಕೇಳಿಸುವ ದನಿಯನ್ನೂ ಬೇರೆ ಸಾಲಿನಲ್ಲಿ ದಾಖಲಿಸಿ. ಶುರುವಿಗೊಮ್ಮೆ, ಕೊನೆಗೊಮ್ಮೆ ಮೊಮ್ಮಗ ಅಜ್ಜಿಯ ಪಕ್ಕದಲ್ಲಿ ಚಪ್ಪಾಳೆ ತಟ್ಟಲಿ, ಬಾಯಲ್ಲೂ ‘ಟಪ್’ ಎನ್ನಲಿ. ಚಪ್ಪಾಳೆಯನ್ನು ಗದ್ದಲವೆಂದು ಕರೆಯ ಆ್ಯಪ್ ನುಂಗಿಬಿಡುವುದುಂಟು, ‘ಟಪ್’ ಉಳಿಯುತ್ತದೆ. ಅಜ್ಜಿಯ ಫೈಲು ಬಂದ ಮೇಲೆ ಅದರ ‘ಟಪ್’ ಅನ್ನು ಕರೆಸಾಲಿನ ‘ಟಪ್’ ಕೆಳಗೆ ಕೂರಿಸಿ. ಆಮೇಲೆ ಕರೆಸಾಲಿನ ಬಾಯಿ ಮುಚ್ಚಿಸಿ, ಆದರೆ ಅಳಿಸಬೇಡಿ. ಅಡಾಸಿಟಿಯಂಥ ಉಚಿತ ತಂತ್ರಾಂಶದಲ್ಲೇ ಇದಾಗುತ್ತದೆ.

ಮುಗಿಯಿತೇ? ಇಲ್ಲ! ಶುರುವಿನಲ್ಲಿ ಕೂಡಿದ್ದು ಕೊನೆಯಲ್ಲಿ ಕೂಡುವುದಿಲ್ಲ. ಪ್ರತಿ ಯಂತ್ರದಲ್ಲೂ ಅದರದೇ ಗಡಿಯಾರ, ಯಾವೆರಡೂ ಸರಿಸಮ ನಡೆಯುವುದಿಲ್ಲ. ಗಂಟೆಯ ಕೊನೆಯ ‘ಟಪ್’ ಅಜ್ಜಿಯ ಫೈಲಿನಲ್ಲಿ 0.22 ಸೆಕೆಂಡು ತಡವಾಗಿ ಬಂತು ಎನ್ನೋಣ. ಅಷ್ಟೇ ತಾನೇ ಎನ್ನಬೇಡಿ. ಅಜ್ಜಿಯ ಹಾಸ್ಯ ಮುಗಿಯುವ ಮೊದಲೇ ನೀವು ನಕ್ಕಿರುತ್ತೀರಿ!

ತಿದ್ದುವ ಮೊದಲು 20ನೇ, 40ನೇ ನಿಮಿಷದಲ್ಲೂ ಒಂದೊಂದು ಪದ ಹಿಡಿದು ಕರೆಸಾಲಿನೊಂದಿಗೆ ತಾಳೆ ನೋಡಿ. 0.07, 0.15, 0.22 ಎಂದು ಮೆಲ್ಲಗೆ ಬೆಳೆದಿದ್ದರೆ ಅದು ಗಡಿಯಾರದ ಕೆಲಸ. 40ರವರೆಗೂ ಸರಿಯಿದ್ದು ಆಮೇಲೆ ಒಮ್ಮೆಲೇ ಜಿಗಿದಿದ್ದರೆ ಗಡಿಯಾರವನ್ನು ಬಯ್ಯಬೇಡಿ: ಒಂದೋ ಕರೆಯ ವಿಳಂಬ ಬದಲಾಗಿದೆ, ಇಲ್ಲವೇ ಯಾವುದೋ ದಾಖಲೆಯಲ್ಲಿ ತುಣುಕು ಬಿದ್ದುಹೋಗಿದೆ. ಜಿಗಿದ ಜಾಗ ಹುಡುಕಿ ಕೇಳಿ. ಅಜ್ಜಿಯ ಫೈಲಿನಲ್ಲಿ ಮಾತು ಇಡಿಯಾಗಿದ್ದರೆ ಅಲ್ಲಿಂದ ಮುಂದಿನದನ್ನು ಒಮ್ಮೆ ಸರಿಸಿದರೆ ಸಾಕು.

ಗಡಿಯಾರದ ತಪ್ಪಾದರೆ ಇಡೀ ಫೈಲನ್ನು ಕುಗ್ಗಿಸಬಹುದು. ನಾನು ಹಾಗೆ ಮಾಡುವುದಿಲ್ಲ. ನುಡಿಯ ದಾಖಲೆಯಲ್ಲಿ ದನಿಯನ್ನು ಮುಟ್ಟದಿರುವುದೇ ಲೇಸು. ಹತ್ತು ನಿಮಿಷಕ್ಕೊಮ್ಮೆ ಅಜ್ಜಿ ಸುಮ್ಮನಾಗುವ ಜಾಗದಲ್ಲಿ ಕತ್ತರಿಸಿ, ಮುಂದಿನ ಭಾಗವನ್ನು 0.037 ಸೆಕೆಂಡು ಹಿಂದಕ್ಕೆಳೆಯಿರಿ. ಆರು ಸಲ ಎಳೆದರೆ 0.22 ತೀರಿತು. ಹೋಗುವುದು ಮೌನ, ಮಾತಲ್ಲ. ಇದನ್ನೆಲ್ಲ ನಕಲಿನ ಮೇಲೆ ಮಾಡಿ, ಮೂಲ ಹಾಗೇ ಇರಲಿ.

ಮೊಮ್ಮಗನಿಗೆ ಒಂದು ಮಾತು ಹೇಳಿಡಿ. ಫೈಲನ್ನು ವಾಟ್ಸಪ್ಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟಾಗಿ ಕಳಿಸಪ್ಪಾ, ಇನ್ನೊಂದು ಫೋನಿನಲ್ಲಿ ಅದನ್ನು ಪ್ಲೇ ಮಾಡಿ ವಾಯ್ಸ್ ಮೆಸೇಜ್ ಮಾಡಬೇಡ. ನಾವು ಕೊನೆಯ ‘ಟಪ್’ ಕೇಳಿಸಿತು ಎನ್ನುವವರೆಗೆ ನಿನ್ನ ಫೋನಿನಿಂದ ಅಳಿಸಬೇಡ.