ಪೆಗ್ಮಟೈಟ್: ಕೊನೆಯ ದ್ರವದ ಕಲ್ಲು



ಗ್ರಾನೈಟ್ ಚಪ್ಪಡಿಯಲ್ಲಿ ಬೆಣಚು, ಫೆಲ್ಡ್‌ಸ್ಪಾರ್, ಕಾಗೆಬಂಗಾರ ಈ ಮೂರೂ ಅಕ್ಕಿಕಾಳಿನಷ್ಟೋ ಕಡಲೆಯಷ್ಟೋ ಗಾತ್ರದಲ್ಲಿ ಬೆರೆತಿರುತ್ತವೆ. ಅದೇ ಮೂರು ಖನಿಜಗಳು ಪೆಗ್ಮಟೈಟ್‌ನಲ್ಲಿ ಗೇಣುದ್ದ, ಮಾರುದ್ದ ಬೆಳೆದಿರುತ್ತವೆ. ಅಮೆರಿಕದ ದಕ್ಷಿಣ ಡಕೋಟಾ ರಾಜ್ಯದ ಎಟ್ಟಾ ಗಣಿಯಲ್ಲಿ ಲಿಥಿಯಂ ಖನಿಜವಾದ ಸ್ಪಾಡ್ಯುಮೀನ್‌ನ 40 ಅಡಿಗೂ ಉದ್ದದ ಹರಳುಗಳು ಸಿಕ್ಕಿದ್ದವು. ಗಣಿಯ ಗೋಡೆಯಲ್ಲಿ ಅವು ಮರದ ದಿಮ್ಮಿಗಳಂತೆ ಚಾಚಿಕೊಂಡಿದ್ದವು.

ಇಷ್ಟು ದೊಡ್ಡ ಹರಳು ಬೆಳೆಯಲು ಲಕ್ಷಾಂತರ ವರ್ಷ ಬೇಕಾಗಿರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ನಿಧಾನವಾಗಿ ಆರಿದರೆ ದೊಡ್ಡ ಹರಳು ಎಂಬ ಶಾಲೆಯ ಪಾಠವೂ ಹಾಗೇ ಹೇಳುತ್ತದೆ. ಆದರೆ ಪೆಗ್ಮಟೈಟ್‌ಗಳಲ್ಲಿ ಹೆಚ್ಚಿನವು ಬಿರುಕುಗಳಿಗೆ ನುಗ್ಗಿದ ತೆಳು ಪದರಗಳು, ಸುತ್ತಲಿನ ಬಂಡೆಯೋ ಅವಕ್ಕಿಂತ ತಣ್ಣಗಿರುತ್ತದೆ. ಶಾಖ ಹರಿಯುವ ಲೆಕ್ಕ ಹಾಕಿದರೆ, ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊ ಸೀಮೆಯ ಮೀಟರ್ ದಪ್ಪದ ಪೆಗ್ಮಟೈಟ್‌ಗಳು ವರ್ಷದೊಳಗೇ ಗಟ್ಟಿಯಾಗಿರಬೇಕು. ಅದೇ ಸೀಮೆಯ ಹರಳುಗಳ ರಾಸಾಯನಿಕ ಸಂಯೋಜನೆಯನ್ನು ಅಳೆದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕೆಲವು ಹಂತಗಳಲ್ಲಿ ಬೆಳವಣಿಗೆ ದಿನಕ್ಕೆ ಮೀಟರುಗಟ್ಟಲೆ ಇದ್ದಿರಬಹುದು ಎಂದಿತು.

ಹಾಗಾದರೆ ಗಾತ್ರದ ಗುಟ್ಟು ಸಮಯದಲ್ಲಿಲ್ಲ, ಹರಳಿನ ಬೀಜಗಳ ಎಣಿಕೆಯಲ್ಲಿದೆ. ಸಕ್ಕರೆ ಪಾಕವನ್ನು ಕದಡುತ್ತಿದ್ದರೆ ಸಾವಿರಾರು ಬೀಜ ಹುಟ್ಟಿ ಪುಡಿಯಾಗುತ್ತದೆ. ಕದಡದೆ ದಾರ ಇಳಿಬಿಟ್ಟರೆ ಬೀಜ ಕಡಿಮೆ, ಕಲ್ಲುಸಕ್ಕರೆ ದಪ್ಪ. ಪೆಗ್ಮಟೈಟ್ ದ್ರವದಲ್ಲಿ ನೀರು, ಬೋರಾನ್, ಫ್ಲೋರಿನ್, ರಂಜಕ ಸಾಮಾನ್ಯ ಗ್ರಾನೈಟ್‌ಗಿಂತ ಹೆಚ್ಚು. ಇವು ಸಿಲಿಕೇಟ್ ಸರಪಣಿಗಳನ್ನು ತುಂಡರಿಸಿ ದ್ರವವನ್ನು ತೆಳುವಾಗಿಸುತ್ತವೆ, ಗಟ್ಟಿಯಾಗುವ ಉಷ್ಣತೆಯನ್ನು ಇಳಿಸುತ್ತವೆ, ಹೊಸ ಬೀಜ ಹುಟ್ಟುವುದನ್ನು ತಡೆಯುತ್ತವೆ. ಹುಟ್ಟಿದ ಕೆಲವೇ ಬೀಜಗಳಿಗೆ ಧಾತುಗಳು ದೂರದಿಂದಲೂ ಬೇಗ ಬಂದು ಸೇರುತ್ತವೆ. ಬಂಡೆಯ ಅಡ್ಡಸೀಳು ನೋಡಿದರೂ ಇದು ತಿಳಿಯುತ್ತದೆ. ಅಂಚಿನಲ್ಲಿ ಸಣ್ಣ ಕಣ, ಅಲ್ಲಿಂದ ಒಳಮುಖವಾಗಿ ಅಗಲವಾಗುತ್ತ ಹೋಗುವ ಹರಳು, ನಡುವೆ ಬಿಳಿ ಬೆಣಚಿನ ತಿರುಳು.

ಈ ದ್ರವಕ್ಕೆ ಲಿಥಿಯಂ ಎಲ್ಲಿಂದ ಬಂತು? ಗ್ರಾನೈಟ್ ಶಿಲಾಪಾಕ ಗಟ್ಟಿಯಾಗುವಾಗ ಮೊದಲು ಹುಟ್ಟುವ ಬೆಣಚು, ಫೆಲ್ಡ್‌ಸ್ಪಾರ್‌ಗಳ ಜಾಲದಲ್ಲಿ ಲಿಥಿಯಂಗೆ ಸರಿಯಾದ ಜಾಗವಿಲ್ಲ. ಬೆರಿಲಿಯಂ ತೀರ ಚಿಕ್ಕದು, ಸೀಸಿಯಂ ತೀರ ದೊಡ್ಡದು, ಅವಕ್ಕೂ ಇಲ್ಲ. ಒಪ್ಪದವೆಲ್ಲ ಉಳಿದ ದ್ರವದಲ್ಲೇ ಶೇಖರವಾಗುತ್ತ ಹೋಗಿ, ನೂರರಲ್ಲಿ ಕೆಲವೇ ಪಾಲು ದ್ರವ ಉಳಿದಾಗ ದಟ್ಟಗೊಳ್ಳುತ್ತವೆ. ಭೂಮಿಯ ಹೊರಪದರದಲ್ಲಿ ಲಿಥಿಯಂ ಹತ್ತು ಲಕ್ಷ ಪಾಲಿಗೆ ಸುಮಾರು 20 ಪಾಲು. ಒಳ್ಳೆಯ ಸ್ಪಾಡ್ಯುಮೀನ್ ಅದಿರಿನಲ್ಲಿ ಅದು 6,000-7,000 ಪಾಲು. ಎಲ್ಲ ಗ್ರಾನೈಟ್‌ಗಳೂ ಹೀಗೆ ಕೊಡುವುದಿಲ್ಲ. ಹೆಚ್ಚಾಗಿ ಜೇಡಿಮಣ್ಣಿನ ಶಿಲೆಗಳು ಕರಗಿ ಹುಟ್ಟಿದವುಗಳಲ್ಲೇ ಈ ಸಂಪತ್ತು, ಅದೂ ಮೂಲ ಗ್ರಾನೈಟ್‌ನಿಂದ ದೂರ ಹರಿದ ಕೆಲವೇ ಪೆಗ್ಮಟೈಟ್‌ಗಳಲ್ಲಿ.

ರತ್ನದ ಕತೆ ಇದರ ಮುಂದಿನ ಹೆಜ್ಜೆ. ತೀರ ಕೊನೆಯಲ್ಲಿ ನೀರು ಪ್ರತ್ಯೇಕವಾಗಿ ಬಂಡೆಯೊಳಗೆ ಪೊಟರೆಗಳಾಗುತ್ತವೆ. ಬಂಡೆಯ ಮಧ್ಯೆ ಒತ್ತಿಕೊಂಡು ಬೆಳೆದ ಬೆರಿಲ್ ಬಿರುಕುಬಿಟ್ಟು ಮಬ್ಬಾಗಿರುತ್ತದೆ, ಪೊಟರೆಯಲ್ಲಿ ಮುಕ್ತವಾಗಿ ಬೆಳೆದದ್ದು ತಿಳಿಯಾಗಿರಬಲ್ಲದು. ಕಬ್ಬಿಣದ ಲೇಶ ಸೇರಿದರೆ ಅದು ನೀಲಿ ಅಕ್ವಮರೀನ್. ಸ್ಪಾಡ್ಯುಮೀನ್‌ಗೆ ಮ್ಯಾಂಗನೀಸ್ ಸೇರಿದರೆ ನಸುಗುಲಾಬಿ ಕುಂಜೈಟ್. ಪಚ್ಚೆ ಮಾತ್ರ ಬೇರೆ, ನನಗೆ ಅದು ಎಲ್ಲಕ್ಕಿಂತ ಸೋಜಿಗ. ಅದರ ಹಸಿರಿಗೆ ಬೇಕಾದ ಕ್ರೋಮಿಯಂ ಈ ಕೊನೆಯ ದ್ರವದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ರಾಜಸ್ಥಾನದ ಅಜ್ಮೇರ್ ಸುತ್ತಿನಲ್ಲಿ ಪೆಗ್ಮಟೈಟ್‌ಗಳು ಕ್ರೋಮಿಯಂಭರಿತ ಕಪ್ಪು ಶಿಲೆಗಳನ್ನು ಸೀಳಿ ನುಗ್ಗಿವೆ. ಬೆರಿಲಿಯಂ ಒಂದು ಕಡೆಯಿಂದ, ಬಣ್ಣ ಇನ್ನೊಂದು ಕಡೆಯಿಂದ ಬಂದು ಗಡಿಯಲ್ಲಿ ಪಚ್ಚೆಯಾಗಿದೆ.

ನಮ್ಮ ನೆಲದ ಮಾತಿಗೆ ಬರೋಣ. ಶ್ರೀರಂಗಪಟ್ಟಣ ತಾಲ್ಲೂಕಿನ ಮರಳಗಾಲ-ಅಲ್ಲಾಪಟ್ಟಣದ ಪೆಗ್ಮಟೈಟ್‌ಗಳಲ್ಲಿ ಪರಮಾಣು ಖನಿಜ ನಿರ್ದೇಶನಾಲಯ ಸ್ಪಾಡ್ಯುಮೀನ್ ಗುರುತಿಸಿದೆ. 14,100 ಟನ್ ಲಿಥಿಯಂ ಇದೆಯೆಂಬ ಅಂದಾಜು 2020ರಲ್ಲಿ ಪತ್ರಿಕೆಗಳಲ್ಲಿ ಬಂತು. 2021ರಲ್ಲಿ ಸರ್ಕಾರ ಕೊಟ್ಟ ಅಂಕಿ 1,600 ಟನ್, ಅದೂ ಪ್ರಾಥಮಿಕ ಶೋಧದ ಅಂದಾಜು. ಪೆಗ್ಮಟೈಟ್‌ಗಳ ಸ್ವಭಾವವೇ ಇಂಥ ವ್ಯತ್ಯಾಸಕ್ಕೆ ಎಡೆಮಾಡುತ್ತದೆ. ಪದರ ಮೇಲೆ ಅಗಲವಿದ್ದು ಕೆಳಗೆ ಕಿರಿದಾಗಬಹುದು, ಒಂದೇ ಪದರದಲ್ಲಿ ಲಿಥಿಯಂ ಒಂದು ವಲಯಕ್ಕೆ ಸೀಮಿತವಾಗಿರಬಹುದು. ಕೊರೆದು ನೋಡದೆ ಹೇಳುವಂತಿಲ್ಲ.

ಕೊರೆಯುವ ಮುನ್ನ ಹೊಲದಲ್ಲೇ ನೋಡಬೇಕಾದದ್ದುಂಟು. ಸ್ಪಾಡ್ಯುಮೀನ್ ಮೇಲ್ನೋಟಕ್ಕೆ ಫೆಲ್ಡ್‌ಸ್ಪಾರ್‌ನಂತೆ ಬಿಳಿಚಿ ಮೋಸಮಾಡುತ್ತದೆ. ಆದರೆ ಕೈಗೆ ಭಾರ, ಒಡೆದರೆ ಉದ್ದನೆಯ ಸಿಬಿರು, ಊದುಕೊಳವೆಯ ಜ್ವಾಲೆಗೆ ಹಿಡಿದರೆ ಉಬ್ಬಿ ಕಡುಗೆಂಪು ಬಣ್ಣ ಕೊಡುತ್ತದೆ. ಕಾಗೆಬಂಗಾರ ಬಿಳಿಯಿಂದ ನೇರಳೆಗೆ, ಟೂರ್ಮಲೀನ್ ಕಪ್ಪಿನಿಂದ ಹಸಿರು-ಗುಲಾಬಿಗೆ ತಿರುಗಿದ್ದರೆ ದ್ರವ ಕೊನೆಯ ಹಂತ ಮುಟ್ಟಿತ್ತು ಎಂದರ್ಥ. ಫೆಲ್ಡ್‌ಸ್ಪಾರ್‌ನಲ್ಲಿ ಪೊಟ್ಯಾಸಿಯಂಗೆ ಹೋಲಿಸಿದರೆ ರುಬಿಡಿಯಂ ಎಷ್ಟು ಹೆಚ್ಚಿದೆ ಎಂದು ಪ್ರಯೋಗಾಲಯದಲ್ಲಿ ಅಳೆದರೆ ಇನ್ನಷ್ಟು ಖಚಿತ. ಈ ಗುರುತುಗಳಿಲ್ಲದ ಪೆಗ್ಮಟೈಟ್‌ನಲ್ಲಿ ಹರಳು ಎಷ್ಟೇ ದೊಡ್ಡದಿರಲಿ, ಅಲ್ಲಿ ಲಿಥಿಯಂ ಹುಡುಕುವುದು ವ್ಯರ್ಥ.