ಬಿಲ್ಲು ಕಡಿಮೆಯಾಯಿತು, ಬಾಕಿ ಕಡಿಮೆಯಾಯಿತೇ?



ನಾನು ಅಕೌಂಟ್ಸ್ ವಿಭಾಗದಲ್ಲಿ ಕೆಲಸ ಮಾಡುವವಳು. ನಾವು ಪಾವತಿ ಮಾಡಬೇಕಾದ ಬಿಲ್ಲುಗಳ ವರದಿಯನ್ನು ಪ್ರತಿ ತಿಂಗಳೂ ಮ್ಯಾನೇಜರಿಗೆ ಇಮೇಲ್ ಮಾಡಬೇಕು. ಒಮ್ಮೆ ಅದರಲ್ಲಿ ‘ದಿ ಅಮೌಂಟ್ ಆಫ್ ಪೆಂಡಿಂಗ್ ಬಿಲ್ಸ್ ಈಸ್ ಲೆಸ್ ಬೈ 37.5 ಪರ್ಸೆಂಟ್’ ಎಂದು ಬರೆದೆ. ಹಣದ ಹೊರೆ ಅಷ್ಟು ಇಳಿಯಿತೆಂದು ಓದಿಕೊಂಡ ಮ್ಯಾನೇಜರ್, ಮೇಲಿನವರಿಗೂ ಹಾಗೆಯೇ ತಿಳಿಸಿಬಿಟ್ಟರು.

ನಡೆದದ್ದೇ ಬೇರೆ. ಹಿಂದಿನ ತಿಂಗಳು 40 ಬಿಲ್ಲುಗಳಿದ್ದವು, ಅವುಗಳ ಮೊತ್ತ 12 ಲಕ್ಷ. ಈ ತಿಂಗಳು 18 ಸಣ್ಣ ಬಿಲ್ಲುಗಳನ್ನು ತೀರಿಸಿದೆವು, ಅದಕ್ಕೆ ಹೋದದ್ದು 2 ಲಕ್ಷ. ಹೊಸದಾಗಿ ಬಂದದ್ದು ಮೂರೇ ಬಿಲ್ಲು, ಆದರೆ 5 ಲಕ್ಷದವು. ಹಾಗಾಗಿ ಬಿಲ್ಲುಗಳು 25ಕ್ಕೆ ಇಳಿದವು, ಬಾಕಿ 15 ಲಕ್ಷಕ್ಕೆ ಏರಿತು. ನಾನು ಹೇಳಿದ ಶೇಕಡಾ 37.5 ಬಿಲ್ಲುಗಳ ಲೆಕ್ಕ. ‘ಅಮೌಂಟ್’ ಎಂದದ್ದರಿಂದ ಅದು ಹಣದ ಲೆಕ್ಕವಾಯಿತು. ಶೇಕಡಾ ಅಂಕಿಯ ಮುಂದೆ ರೂಪಾಯಿಯೋ ಬಿಲ್ಲೋ ಎಂಬ ಗುರುತು ಇರುವುದಿಲ್ಲ, ಅದಕ್ಕೇ ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲ.

ನಮಗೆ ಇದು ಸುಲಭವಾಗಿ ಆಗುವ ತಪ್ಪು. ಹಾಲೂ ಕಡಿಮೆ, ಲೋಟವೂ ಕಡಿಮೆ ಎನ್ನುತ್ತೇವಲ್ಲ! ಇಂಗ್ಲಿಷಿನಲ್ಲಿ ಎಣಿಸುವುದಕ್ಕೆ ಫ್ಯೂವರ್ ಮತ್ತು ನಂಬರ್, ಅಳೆಯುವುದಕ್ಕೆ ಲೆಸ್ ಮತ್ತು ಅಮೌಂಟ್. ಆದರೂ ಕನ್ನಡದಲ್ಲೇ ಒಂದು ಒರೆಗಲ್ಲು ಇದೆ. ‘ಸಂಖ್ಯೆ’ ಹೊಂದಿದರೆ ನಂಬರ್, ‘ಮೊತ್ತ’ ಅಥವಾ ‘ಪ್ರಮಾಣ’ ಹೊಂದಿದರೆ ಅಮೌಂಟ್. ದೂರುಗಳ ಸಂಖ್ಯೆ ಎನ್ನುತ್ತೇವೆ, ಆದ್ದರಿಂದ ಫ್ಯೂವರ್ ಕಂಪ್ಲೇಂಟ್ಸ್. ವ್ಯರ್ಥವಾದ ಮಾಲಿನ ಪ್ರಮಾಣ ಎನ್ನುತ್ತೇವೆ, ಆದ್ದರಿಂದ ಲೆಸ್ ವೇಸ್ಟೇಜ್.

ಒಂದು ಎಚ್ಚರಿಕೆ. ಅಂಕಿ ಕಂಡ ಕೂಡಲೇ ಫ್ಯೂವರ್ ಹಾಕಬೇಡಿ. 5 ಲಕ್ಷ ರೂಪಾಯಿ, 3 ದಿನ, 50 ಕಿಲೋಮೀಟರ್ ಇವುಗಳನ್ನು ಒಟ್ಟಾಗಿ ಒಂದು ಅಳತೆ ಎಂದು ನೋಡುವುದರಿಂದ ಅಲ್ಲಿ ‘ಲೆಸ್ ದ್ಯಾನ್’ ಎನ್ನುವುದೇ ರೂಢಿ.

ಇನ್ನು ‘ಲೆಸ್ ಬಿಲ್ಸ್’ ಎಂದರೆ ಮಹಾಪರಾಧವೇನಲ್ಲ. ಎಣಿಸುವ ವಸ್ತುವಿಗೂ ಲೆಸ್ ಹಾಕುವುದು ಇಂಗ್ಲಿಷಿನಲ್ಲಿ ಬಹಳ ಹಳೆಯದು. ಫ್ಯೂವರ್ ಮೇಲು ಎಂದು ರಾಬರ್ಟ್ ಬೇಕರ್ ಬರೆದದ್ದು 1770ರಲ್ಲಿ, ಅದೂ ತಮ್ಮ ಅಭಿರುಚಿಯ ಮಾತಾಗಿ. ಮಾತಿನಲ್ಲಿ ಲೆಸ್ ಬಂದರೆ ಬರಲಿ. ಆದರೆ ಬಿಲ್ಲು, ಕ್ಲೇಮು, ಆರ್ಡರುಗಳಿಗೆ ಸಂಖ್ಯೆಯೂ ಉಂಟು, ಹಣವೂ ಉಂಟು; ಅಲ್ಲಿ ಮಾತ್ರ ಸಡಿಲಬಾರದು.

ಈಗ ನಾನು ಎರಡನ್ನೂ ಬಿಡಿಸಿ ಬರೆಯುತ್ತೇನೆ: ‘ದಿ ನಂಬರ್ ಆಫ್ ಪೆಂಡಿಂಗ್ ಬಿಲ್ಸ್ ಫೆಲ್ ಫ್ರಮ್ 40 ಟು 25. ದಿ ಅಮೌಂಟ್ ಡ್ಯೂ ರೋಸ್ ಫ್ರಮ್ 12 ಲ್ಯಾಕ್ಸ್ ಟು 15 ಲ್ಯಾಕ್ಸ್.’ ಶೇಕಡಾ ಬೇಕಿದ್ದರೆ ಅದರ ನಂತರ.