ಕಂಬವೆಲ್ಲಿ, ತೊಲೆಯೆಲ್ಲಿ



ಬನಶಂಕರಿಯಲ್ಲಿ ಹೊಸದಾಗಿ ಮನೆ ಕಟ್ಟಿಸಿದ ನನ್ನ ಸ್ನೇಹಿತರೊಬ್ಬರು ಗೃಹಪ್ರವೇಶಕ್ಕೆ ಕರೆದಿದ್ದರು. ಊಟವಾದ ಮೇಲೆ ಹಾಲಿನಲ್ಲಿ ಕುಳಿತು ತಲೆಯೆತ್ತಿದರೆ, ಚಾವಣಿಯ ನಡುವೆ ಗೋಡೆಯಿಂದ ಗೋಡೆಗೆ ಒಂದು ದಪ್ಪ ತೊಲೆ ಅಡ್ಡಲಾಗಿ ಇಳಿದಿತ್ತು. ಅದರ ಕೆಳಗೆ ಗೋಡೆಯಿಲ್ಲ, ಪಕ್ಕದಲ್ಲಿ ಪಂಖ ತೂಗಹಾಕಲೂ ಸರಿಯಾದ ಎಡೆಯಿಲ್ಲ. "ಇದು ಇಲ್ಲಿ ಹೇಗೆ ಬಂದಿತು?" ಎಂದು ಕೇಳಿದೆ. "ಸ್ವಾಮಿ, ತಾರಸಿಗೆ ಹಲಗೆ ಹೊಡೆಯುವ ದಿನವೇ ನನಗೂ ಕಂಡಿದ್ದು" ಎಂದರು.

ಈ ತೊಲೆಯ ಹುಟ್ಟನ್ನು ವಿಚಾರಿಸೋಣ. 1948ರಲ್ಲಿ ಜಯನಗರಕ್ಕೆ ಶಂಕುಸ್ಥಾಪನೆಯಾದ ಕಾಲದಲ್ಲಿ ಸಾಮಾನ್ಯವಾಗಿ ಮನೆಯ ಭಾರವನ್ನು ಗೋಡೆಯೇ ಹೊರುತ್ತಿತ್ತು. ಮಾಳಿಗೆಯ ಗೋಡೆ ಕೆಳಗಿನ ಗೋಡೆಯ ಮೇಲೆಯೇ ನಿಲ್ಲಬೇಕಾಗಿತ್ತು, ಬೇರೆ ದಾರಿಯಿರಲಿಲ್ಲ. ಈಗ ಕಾಂಕ್ರೀಟಿನ ಕಂಬಗಳು ಭಾರವನ್ನು ಹೊರುತ್ತವೆ. ಗೋಡೆ ಬರಿಯ ಮರೆ. ಆದಕಾರಣ ಮೇಲಿನ ಗೋಡೆಯನ್ನು ಮನಬಂದೆಡೆ ಎಳೆಯಬಹುದೆಂಬ ಭ್ರಮೆ ಹುಟ್ಟಿತು. ಎಳೆಯಬಹುದು ನಿಜ, ಆದರೆ ಅದನ್ನು ಹೊರಲು ಅದರಡಿ ಒಂದು ತೊಲೆ ಬೇಕು, ಆ ತೊಲೆಗೆ ಎರಡು ಕಂಬ ಬೇಕು. ತೊಲೆಯಡಿ ಗೋಡೆಯಿದ್ದರೆ ಅದು ಗೋಡೆಯಲ್ಲಿ ಅಡಗುತ್ತದೆ. ಇಲ್ಲವಾದರೆ ಕೋಣೆಯೊಳಕ್ಕೆ ಇಳಿಯುತ್ತದೆ.

ಸ್ನೇಹಿತರದು 30×40 ಅಡಿಯ ನಿವೇಶನ. ಸುತ್ತ ಬಿಡಬೇಕಾದುದನ್ನು ಬಿಟ್ಟ ಮೇಲೆ ಕಟ್ಟಡಕ್ಕೆ ಉಳಿದುದು ಸುಮಾರು 24 ಅಡಿ ಅಗಲ, 32 ಅಡಿ ಉದ್ದ. ಅಗಲವನ್ನು 13 ಮತ್ತು 11 ಅಡಿಯಾಗಿ ಭಾಗಿಸಿ ಉದ್ದಕ್ಕೂ ಮೂರು ಸಾಲು ಕಂಬ ನಿಲ್ಲಿಸಿದ್ದರು, ಅದು ಸರಿಯೇ. 13 ಅಡಿಯ ಪಟ್ಟಿಯಲ್ಲಿ ಕೆಳಗೆ ಮುಂದಿನ 20 ಅಡಿಯೂ ಹಾಲು ಹಾಗೂ ಊಟದ ಎಡೆ, ಹಿಂದಿನ 12 ಅಡಿ ಒಂದು ಕೋಣೆ. ಮಾಳಿಗೆಯಲ್ಲಿ ಮುಂದಿನ ಮಲಗುವ ಕೋಣೆಗೆ 11 ಅಡಿ ಸಾಕೆಂದು ಅಲ್ಲಿ ಗೋಡೆ ಎಳೆದರು. ಹಾಗಾಗಿ ಅಡ್ಡಸಾಲುಗಳು ಮುಂದಿನಿಂದ 11, 9, 12 ಅಡಿಗಳಾದುವು. ಹನ್ನೊಂದನೆಯ ಅಡಿಯ ತೊಲೆ ಹಾಲಿನ ನಡುವೆಯೇ ಬಿದ್ದಿತು. ಅದರ ಆಳ 15 ಅಂಗುಲ. ತಾರಸಿಯ 5 ಅಂಗುಲ ಅದರಲ್ಲಿ ಸೇರಿದರೂ 10 ಅಂಗುಲ ಕಣ್ಣಿಗೆ ಕಾಣುತ್ತದೆ.

ಮಾಡಬೇಕಾಗಿದ್ದುದು ಇಷ್ಟೆ: ಆ ಸಾಲನ್ನು ಎರಡು ಅಡಿ ಹಿಂದಕ್ಕೆ ಸರಿಸುವುದು. ಆಗ ಸಾಲುಗಳು 13, 7, 12 ಅಡಿ. ಕೆಳಗೆ 13 ಅಡಿಯ ಚೌಕ ಹಾಲು, ಬಳಿಕ 7 ಅಡಿಯ ಊಟದ ಎಡೆ. ಇವೆರಡರ ಗಡಿಯ ಮೇಲೆ ತೊಲೆ. ಎರಡು ಬದಿಗೂ ಒಂದೊಂದೂವರೆ ಅಡಿಯ ಗೋಡೆ ಎಳೆದರೆ ಅದು ಬಾಗಿಲ ಮೇಲ್ಭಾಗದಂತೆ ತೋರುತ್ತದೆಯೇ ಹೊರತು ಚಾವಣಿಯನ್ನು ಸೀಳಿದಂತೆ ಕಾಣದು. ಮೇಲೆ 13 ಅಡಿಯ ಕೋಣೆ, 7 ಅಡಿಯ ಓದುವ ಕೋಣೆ, 12 ಅಡಿಯ ಇನ್ನೊಂದು ಕೋಣೆ. ಕಂಬಗಳು ಮೊದಲಿನಂತೆಯೇ ಹನ್ನೆರಡು. (ಬಚ್ಚಲನ್ನು ಮಾತ್ರ ಊಟದ ಎಡೆಯ ಮೇಲೆ ತರಬಾರದು, ಕೊಳವೆಗಳಿಗಾಗಿ ಅಲ್ಲಿಯ ನೆಲವನ್ನು ತಗ್ಗಿಸಬೇಕಾಗಿ, ಕೆಳಗಿನವರ ಚಾವಣಿ ತೂಗಿಬೀಳುತ್ತದೆ. ಬಚ್ಚಲ ಮೇಲೆ ಬಚ್ಚಲೇ ಲೇಸು.)

ಗಡಿಯೂ ಬೇಡ, 20 ಅಡಿಯ ಹಾಲು ಅಖಂಡವಾಗಿಯೇ ಇರಲಿ ಎನ್ನುವವರು ಮೇಲೆ ಆ ಹಾಲಿನ ನಡುವೆ ಗೋಡೆಯನ್ನೇ ಇಡಬಾರದು. 13 ಅಡಿ ಅಗಲವನ್ನು ಕೊಂಚ ದಪ್ಪ ತಾರಸಿ ತೊಲೆಯಿಲ್ಲದೆ ದಾಟಬಲ್ಲದು. ಆಗ ಭಾರವೆಲ್ಲ ಪಕ್ಕದ ಉದ್ದ ತೊಲೆಗಳಿಗೆ ಬರುತ್ತದೆ. ನಡುವಣ ಕಂಬಗಳನ್ನು ಅವುಗಳಡಿಯ ಪಕ್ಕದ ಗೋಡೆಯಲ್ಲಿಯೇ ಉಳಿಸಿಕೊಂಡರೆ ಅವು ಬಹಳ ಆಳವಾಗುವುದಿಲ್ಲ. ತಾರಸಿಯ 5 ಅಂಗುಲದಲ್ಲಿಯೇ ತೊಲೆಯನ್ನು ಅಡಗಿಸುತ್ತೇನೆಂದು ಮೇಸ್ತ್ರಿ ಹೇಳಿದರೆ ಒಪ್ಪಬೇಡಿ. ತೊಲೆಗೆ ಬಲ ಬರುವುದು ಮುಖ್ಯವಾಗಿ ಅದರ ಆಳದಿಂದ. ಆ ಚಪ್ಪಟೆ ಪಟ್ಟಿ ಗೋಡೆಯನ್ನು ಹೊರಲಾರದೆ ಬಾಗಿ ಬಿರುಕು ಬಿಡುತ್ತದೆ. ತಾರಸಿಯ ಮೇಲಕ್ಕೆ ಎದ್ದ ತಲೆಕೆಳಗಾದ ತೊಲೆಯನ್ನು ಮಾಳಿಗೆಯ ಗೋಡೆಯೊಳಗೆ ಮರೆಸಬಹುದು. ಬಾಗಿಲಿರುವಲ್ಲಿ ಅದು ಹೊಸ್ತಿಲಾಗಿ ಎಡವಿಸುತ್ತದೆ, ಬಯಲು ತಾರಸಿಯಲ್ಲಿ ಮಳೆನೀರನ್ನು ತಡೆಯುತ್ತದೆ.

ಕಂಬದ್ದೂ ಒಂದು ಕೀಟಲೆಯುಂಟು. 9×12 ಅಂಗುಲದ ಕಂಬ 6 ಅಂಗುಲದ ಗೋಡೆಯಲ್ಲಿ ನಿಂತರೆ, ಉದ್ದ ಮೈ ಗೋಡೆಯ ಜೊತೆ ಹೋದರೂ 3 ಅಂಗುಲ ಹೊರಚಾಚುತ್ತದೆ. ಆ ಚಾಚನ್ನು ಬೀರುವಿನ ಕಡೆಗೋ ಬಚ್ಚಲಿನ ಕಡೆಗೋ ತಿರುಗಿಸಬಹುದು. ಆದರೆ ಎಲ್ಲ ಕಂಬಗಳ ಉದ್ದ ಮೈಯನ್ನೂ ಒಂದೇ ದಿಕ್ಕಿಗೆ ತಿರುಗಿಸಿದರೆ ಮನೆ ಇನ್ನೊಂದು ದಿಕ್ಕಿಗೆ ದುರ್ಬಲವಾಗುತ್ತದೆ. ಅಳತೆ ಮತ್ತು ಕಂಬಿಯ ಲೆಕ್ಕ ಎಂಜಿನಿಯರರದು.

ಮನೆಯೊಡೆಯರಿಂದ ಆಗುವ ಪರೀಕ್ಷೆಯೊಂದಿದೆ. ಪಾಯದ ಗುಂಡಿ ತೋಡುವ ಮೊದಲು, ಕೋಣೆಗಳ ನಕ್ಷೆಯ ಜೊತೆಗೆ ತೊಲೆಗಳ ನಕ್ಷೆಯನ್ನೂ ಕೇಳಿ ಪಡೆಯಿರಿ. ಎರಡೂ ಅಂತಸ್ತುಗಳನ್ನು ಒಂದೇ ಪ್ರಮಾಣದಲ್ಲಿ ತೆಳು ಕಾಗದದ ಮೇಲೆ ಬರೆಯಿಸಿ, ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿಯಿರಿ. ಕೆಳಗಿನ ಗೋಡೆಯ ಮೇಲೆ ಕೂಡದ ಪ್ರತಿಯೊಂದು ತೊಲೆಗೂ ಕೆಂಪು ಸೀಸದಕಡ್ಡಿಯಿಂದ ಗೆರೆ ಹಾಕಿ. ನನ್ನ ಸ್ನೇಹಿತರ ನಕ್ಷೆಗೆ ಹಾಗೆ ಮಾಡಿ ನೋಡಿದೆವು. ಒಂದೇ ಒಂದು ಕೆಂಪು ಗೆರೆ ಬಿದ್ದಿತು, ನಾವು ಕುಳಿತಿದ್ದ ಕುರ್ಚಿಗಳ ಮೇಲೆಯೇ.